ಪೆಂಕಾ ಬದಲಿಸಿದ ಮಸೂರ

ಪ್ಲೆವೆನ್‌ನ ನಮ್ಮ ಕಾಲೇಜಿನ ಭೌತಶಾಸ್ತ್ರ ಲ್ಯಾಬನ್ನು ಇಪ್ಪತ್ತೆಂಟು ವರ್ಷದಿಂದ ನೋಡಿಕೊಳ್ಳುತ್ತಿರುವ ಪೆಂಕಾಗೆ ಅಳೆಯದೆ ಬರೆದ ವರದಿ ಕಂಡರೆ ಮೈ ಉರಿಯುತ್ತದೆ. ಪೀನ ಮಸೂರದ ಡಬ್ಬಿಯ ಮೇಲೆ ‘ಸಂಗಮದೂರ 10 ಸೆಂ.ಮೀ.’ ಎಂಬ ಚೀಟಿ ಇದೆ. ಹುಡುಗರು ಅದನ್ನೇ ಇಳಿಸಿಕೊಳ್ಳುತ್ತಾರೆ. ಈ ಸಲ ಅವಳು ಸದ್ದಿಲ್ಲದೆ ಆ ಡಬ್ಬಿಯೊಳಗೆ ಹದಿನೈದರ ಮಸೂರ ಇಟ್ಟಳು.

ಇಪ್ಪತ್ತಮೂರು ವರದಿಗಳಲ್ಲಿ 10.0 ಎಂದೇ ಬಂತು.

“ಮಸೂರ ತೆಗೆದು ಕಲ್ಲು ಇಟ್ಟಿದ್ರೂ ಹತ್ತೇ ಬರೀತಿದ್ರು,” ಎಂದು ಗೊಣಗಿದಳು.

ಇಸ್ಕ್ರಾ ಎಂಬ ಹುಡುಗಿಯೊಬ್ಬಳು ಮಾತ್ರ ಮೇಣದಬತ್ತಿ, ಪರದೆ ಸರಿಸಿ ಸರಿಸಿ ಹತ್ತು ಸಲ ಅಳೆದು 14.9 ± 0.2 ಎಂದು ಬರೆದಿದ್ದಳು.

“ಎಷ್ಟು ಅಳೆದ್ರೂ ಹತ್ತು ಬರ್ತಿಲ್ಲ ಆಂಟಿ,” ಎಂದಳು ಅಳುಮುಖ ಮಾಡಿ.

ದೋಷ ವಿಶ್ಲೇಷಣೆಯಲ್ಲಿ ‘ದೋಷ ಶೇಕಡ 49. ಕಾರಣ: ನಾನು’ ಎಂದಿತ್ತು.

ಪೆಂಕಾ ‘ನಾನು’ ಹೊಡೆದುಹಾಕಿ ‘ಡಬ್ಬಿ’ ಎಂದು ಬರೆದಳು.