ಅಕ್ಕಿ ಅಂಗಡಿಯ ವಿಡಿಯೊಗೆ ಕೊಸರು

ಕಂಪ್ಲಿಯ ಅಕ್ಕಿ ವ್ಯಾಪಾರಿಯೊಬ್ಬರು ತಮ್ಮ ಅಂಗಡಿಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡಿದ್ದರು. ಅದನ್ನು ಒಂದು ನಿಮಿಷದ ಜಾಹೀರಾತಾಗಿ ಎಡಿಟ್ ಮಾಡಿಕೊಡಲು ನನ್ನನ್ನು ರೇಟು ಕೇಳಿದರು. ನಾನು ಹೊಸಪೇಟೆಯಿಂದ ಲೆಕ್ಕ ಹಾಕಿಕೊಂಡೇ ಹೋಗಿದ್ದೆ. ದೃಶ್ಯ ಆರಿಸಿ ಜೋಡಿಸಲು, ಬಣ್ಣ ಮತ್ತು ದನಿ ಸರಿಪಡಿಸಲು ಹತ್ತು ಗಂಟೆಯ ಕೆಲಸ. ಎರಡು ಸಲದ ತಿದ್ದುಪಡಿ ಅದರಲ್ಲೇ ಸೇರಿದೆ. ಮೂರನೆಯದರಿಂದ ಗಂಟೆಯ ಲೆಕ್ಕ. ಹಿನ್ನೆಲೆ ಹಾಡಿನ ಲೈಸೆನ್ಸಿಗೆ ಬೇರೆ ದುಡ್ಡು.

ಅವರು ಚೌಕಾಸಿ ಮಾಡಲೇ ಇಲ್ಲ. "ಆತು ಬಿಡ್ರಿ. ಕೊಸರು ಏನ್ ಹಾಕ್ತೀರಿ?" ಎಂದರು. ತೂಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕದೆ ಅವರು ಯಾರಿಗೂ ಚೀಲ ಕೊಡುವವರಲ್ಲ.

ಇನ್ನೊಂದು ತಿದ್ದುಪಡಿ ಕೊಡುತ್ತೇನೆ ಎಂದೆ. ಅವರಿಗೆ ಬೇಕಿದ್ದದ್ದು ಅದಲ್ಲ. ಅದೇ ವಿಡಿಯೊ ಊರಿನ ಕೇಬಲ್ ಟಿವಿಯಲ್ಲೂ ಬರಬೇಕಿತ್ತು. ಹಾಡಿನ ಲೈಸೆನ್ಸು ಇಂಟರ್ನೆಟ್ಟಿಗೆ ಮಾತ್ರ, ಟಿವಿಗೆ ಬೇರೆ ಕೊಳ್ಳಬೇಕು ಎಂದೆ.

"ರೊಕ್ಕ ಕೊಟ್ಟ ಮ್ಯಾಲೆ ಹಾಡು ನಂದಲ್ಲೇನ್ರಿ?"

"ಅಲ್ರಿ."

"ನಿಮ್ದಾ?"

"ನಂದೂ ಅಲ್ರಿ."

ಬಳಕೆಯ ಹಕ್ಕು ಬೇರೆ, ಒಡೆತನ ಬೇರೆ ಎಂದು ವಿವರಿಸತೊಡಗಿದೆ. ಅರ್ಧಕ್ಕೆ ಬರುವಷ್ಟರಲ್ಲಿ ನನಗೇ ಅದರ ತಲೆಬುಡ ತಿಳಿಯದಾಯಿತು. ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಕೊನೆಗೆ ಅವರು ಟಿವಿಯ ಆಸೆ ಬಿಟ್ಟರು. ಹೊರಡುವ ಮುಂಚೆ ಮನೆಗೆಂದು ಎರಡು ಕಿಲೋ ಅಕ್ಕಿ ಕೊಂಡೆ. ತೂಗಿ, ಮೇಲೊಂದು ಹಿಡಿ ಹಾಕಿ, ಚೀಲವನ್ನು ಕೈಗಿಡುತ್ತ ನಗದೇ ಹೇಳಿದರು: "ಅನ್ನಾನೂ ಮಾಡ್ರಿ, ದ್ವಾಸಿನೂ ಮಾಡ್ರಿ. ಬ್ಯಾರೆ ರೊಕ್ಕ ಕೇಳಂಗಿಲ್ಲ ನಾನು."