ಮಾವನ ಪುಸ್ತಕದ ಕಲ್ಲುಗಳು

ನಮ್ಮ ಭಾವನಿಗೆ, ಎಂದರೆ ನನ್ನ ಗಂಡನ ಅಕ್ಕನ ಯಜಮಾನರಿಗೆ, ಫೋನಿನ ವಿಷಯದಲ್ಲಿ ಬಹಳ ಜ್ಞಾನವಿದೆ ಎಂದು ಊರಿನಲ್ಲಿ ಹೇಳುತ್ತಾರೆ. ಆ ಮಾತನ್ನು ಮೊದಲು ಹೇಳಿದವರು ಭಾವನೇ. ಮುಂಬಯಿಯ ಹೋಟೆಲು ಬಿಟ್ಟು ಬೈಂದೂರಿಗೆ ಬಂದು ನೆಲೆಸಿದ ಮೇಲೆ ಅವರಿಗೆ ಗೊತ್ತಿಲ್ಲದ ವಿಷಯವೊಂದು ಇದೆಯೆಂದು ಯಾರಿಗೂ ಕಂಡುಹಿಡಿಯಲಾಗಿಲ್ಲ. ಅವರು ಅದಕ್ಕೆ ಅವಕಾಶ ಕೊಡುವುದಿಲ್ಲ.

ಮಾವ ತೀರಿಕೊಂಡ ವರ್ಷ ಅವರ ಪುಸ್ತಕವನ್ನು ಎತ್ತಿಕೊಂಡು ಹೋದವರೂ ಇವರೇ. "ಇದನ್ನ್ ಜೋಪಾನ ಮಾಡುಕೆ ನಿಮ್ಗ್ ಎಲ್ಲಿ ಆತ್ತ್?" ಎಂದು ನಮ್ಮೆಲ್ಲರ ಎದುರೇ ಕೇಳಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಮಾವ ಕೋಡಿಯಲ್ಲಿ ಮೂವತ್ತು ವರ್ಷ ಬೋಟು ನಡೆಸಿದ ತಾಂಡೇಲರು. ಸಮುದ್ರದ ತಳದಲ್ಲಿ ಎಲ್ಲಿ ಕಲ್ಲಿದೆ, ಎಲ್ಲಿ ಎಳೆದ ಬಲೆ ಸಿಕ್ಕಿ ಹರಿಯುತ್ತದೆ ಎಂಬುದು ಆ ಪುಸ್ತಕದಲ್ಲಿತ್ತು. ಒಂದು ಸಾಲಿಗೆ ಒಂದು ಕಲ್ಲು. ಮೊದಲು ಅವರೇ ಇಟ್ಟ ಹೆಸರು, ಮುಂದೆ ಜಿಪಿಎಸ್‌ನ ಎರಡು ಅಂಕಿಗಳು. ಕೆಲವು ಪೆನ್ನಿನಲ್ಲಿ, ಹೆಚ್ಚಿನವು ಪೆನ್ಸಿಲಿನಲ್ಲಿ. ಒಂದು ಕಲ್ಲಿಗೆ 'ಅತ್ತೆ ಕಲ್ಲು' ಎಂದು ಹೆಸರಿಟ್ಟಿದ್ದರು. ಅದರ ಹತ್ತಿರ ಹೋದವರು ಬಲೆ ಸಮೇತ ಬಂದದ್ದಿಲ್ಲ ಎನ್ನುತ್ತಿದ್ದರು.

ಮಳೆಗಾಲದ ರಜೆ ಮುಗಿದು ಬೋಟು ಇಳಿಸುವ ಹೊತ್ತಿಗೆ ಹಳೆಯ ಜಿಪಿಎಸ್ ಪೆಟ್ಟಿಗೆ ಸತ್ತಿತ್ತು. ಅದರೊಳಗಿದ್ದ ಕಲ್ಲುಗಳೂ ಹೋದವು. ಈಗ ಬೋಟು ನಡೆಸುವ ನನ್ನ ಮೈದುನ ಹೊಸ ಪೆಟ್ಟಿಗೆ ತಂದ. ಹೊಸ ಬಲೆಯೂ ಬಂದಿತ್ತು. ಇನ್ನು ಅಂಕಿಗಳನ್ನು ತುಂಬಬೇಕು. ಇಂಗ್ಲಿಷ್ ಬಲ್ಲವಳು, ಕಾನ್ವೆಂಟಿನಲ್ಲಿ ಓದಿದವಳು ಎಂಬ ಕಾರಣಕ್ಕೆ ಪಟ್ಟಿ ಟೈಪ್ ಮಾಡುವ ಕೆಲಸ ನನ್ನದಾಯಿತು. ನಾಡಿದ್ದು ಬೆಳಿಗ್ಗೆ ಬೋಟು ಹೊರಡುವುದಿತ್ತು.

ಪುಸ್ತಕ ಕಳಿಸಿ ಎಂದರೆ ಭಾವ ಕಳಿಸಲಿಲ್ಲ. ಹನ್ನೊಂದು ಫೋಟೋ ಕಳಿಸಿದರು.

ಆ ಫೋಟೋಗಳನ್ನು ನಾನು ಇವತ್ತಿಗೂ ಅಳಿಸಿಲ್ಲ. ಸಂಜೆ ಹೊತ್ತು, ಹಳದಿ ಬಲ್ಬಿನ ಕೆಳಗೆ, ಭಾವನ ತಲೆಯ ನೆರಳು ಅರ್ಧ ಹಾಳೆಯ ಮೇಲೆ. ಉಳಿದರ್ಧದ ಮೇಲೆ ಫ್ಲ್ಯಾಶ್ ಬಿದ್ದು ಪೆನ್ಸಿಲ್ ಗೀರುಗಳೆಲ್ಲ ಮೀನಿನ ಹೊಟ್ಟೆಯ ಹಾಗೆ ಹೊಳೆಯುತ್ತಿದ್ದವು. ಹೊಳೆಯುವ ಅಕ್ಷರವನ್ನು ಓದುವುದು ಹೇಗೆ? ಎರಡು ಪುಟ ಒಂದೇ ಫೋಟೋದಲ್ಲಿ, ಅದೂ ಓರೆಯಾಗಿ. ಸುತ್ತ ಮೇಜು, ಮೇಜಿನ ಮೇಲೆ ಅರ್ಧ ಚಕ್ಕುಲಿ, ಒಂದು ಮೂಲೆಯಲ್ಲಿ ಅವರ ಹೆಬ್ಬೆರಳು. ಚಕ್ಕುಲಿ ಮಾತ್ರ ಬಹಳ ಸ್ಪಷ್ಟವಾಗಿತ್ತು. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ್ದರಿಂದ ಚಿತ್ರ ಮತ್ತೂ ಕುಗ್ಗಿತ್ತು. ಎರಡು ಬೆರಳಲ್ಲಿ ಹಿಗ್ಗಿಸಿದರೆ ಅಂಕಿ ದೊಡ್ಡದಾಗುತ್ತಿರಲಿಲ್ಲ, ಮಸುಕು ದೊಡ್ಡದಾಗುತ್ತಿತ್ತು.

ನಾನು ಫೋನು ಮಾಡಿದೆ. "ಭಾವ, ಮೂರಾ ಎಂಟಾ ಅಂದ್ ಗೊತ್ತಾತಿಲ್ಲೆ."

"ನೀನ್ ಎಂತಕ್ ಕಣ್ಣ್ ಹಾಳ್ ಮಾಡ್ಕಂತೆ ಮಾರಾಯ್ತಿ? ನನ್ನ್ ಫೋನಂಗೆ ಆ್ಯಪ್ ಇತ್ತ್. ಎಲ್ಲ ಅದೇ ಓದಿತ್. ಆಗ್ಳೇ ತಮ್ಮಂಗೆ ಕಳ್ಸಿ ಆಯ್ತ್."

ತಮ್ಮ ಎಂದರೆ ನನ್ನ ಮೈದುನ. ಮೈದುನ ಆಗಲೇ ಅಂಗಳದಲ್ಲಿ ಕೂತು ಆ ಅಂಕಿಗಳನ್ನು ಪೆಟ್ಟಿಗೆಗೆ ಒತ್ತುತ್ತಿದ್ದ.

"ಒಂದ್ ನಿಮಿಷ ನಿಲ್ಸ್," ಎಂದೆ. "ಇದ್ರಂಗೆ ನಿಂಗೆ ಬಾಯಿಪಾಠ ಬಪ್ಪ ಜಾಗ ಯಾವ್ದಾರೂ ಇತ್ತಾ?"

"ನಮ್ಮ್ ಅಳಿವೆ ಬಾಗ್ಲ್ ಇತ್ತಲೆ ಅತ್ತ್ಗೆ." ಹೊಳೆ ಸಮುದ್ರಕ್ಕೆ ಸೇರುವ ಆ ಜಾಗವನ್ನೂ ಮಾವ ಮೊದಲ ಸಾಲಿನಲ್ಲೇ ಬರೆದಿಟ್ಟಿದ್ದರು. ಮೈದುನ ಆ್ಯಪ್ ಓದಿದ ಅಂಕಿ ಒತ್ತಿ ಪರದೆ ನೋಡಿದ. ಆಮೇಲೆ ನಗಲು ಶುರುಮಾಡಿದ. "ಅತ್ತ್ಗೆ, ಭಾವ ಬೋಟನ್ನ್ ವಂಡ್ಸೆ ಬದಿಗ್ ತಕಂಡ್ ಹೋಯಿರ್! ತೆಂಗಿನ್ ತೋಟದಂಗೆ ಬಲೆ ಬಿಡ್ಕಾ ಎಂತ?"

ಎರಡನೆಯ ಅಂಕಿಯಲ್ಲಿದ್ದ ನಲವತ್ತರ ಸೊನ್ನೆಯನ್ನು ಆ್ಯಪ್ ಆರು ಎಂದು ಓದಿತ್ತು. ಅದೊಂದೇ ಆಗಿದ್ದರೆ ಸರಿ. ಹಾಳೆ ಓರೆಯಾಗಿದ್ದರಿಂದ ಸಾಲುಗಳೂ ಜಾರಿದ್ದವು. ಒಂದು ಕಲ್ಲಿನ ಮೊದಲ ಅಂಕಿಗೆ ಕೆಳಗಿನ ಕಲ್ಲಿನ ಎರಡನೆಯ ಅಂಕಿ ಗಂಟುಬಿದ್ದಿತ್ತು. ತೆಂಗಿನ ತೋಟಕ್ಕೆ ಹೋದ ಅಂಕಿ ನಗು ಬರಿಸುತ್ತದೆ. ಸಮುದ್ರದೊಳಗೇ ಒಂದು ಕಿಲೋಮೀಟರು ಆಚೆ ಹೋದ ಅಂಕಿಯನ್ನು ಯಾರು ಹಿಡಿಯುತ್ತಾರೆ? ಬಲೆಯೇ ಹಿಡಿಯಬೇಕು. ಮೈದುನ ಅಷ್ಟನ್ನೂ ಅಳಿಸಿದ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಬೈಂದೂರಿಗೆ ಹೋದೆ. ಮರವಂತೆ ದಾಟುವಾಗ ಸಮುದ್ರ ಕೆಸರು ಬಣ್ಣದಲ್ಲಿತ್ತು, ಆಕಾಶದಲ್ಲಿ ತೆಳು ಮೋಡ. ಫೋಟೋಕ್ಕೆ ಒಳ್ಳೆಯ ಬೆಳಕು ಎಂದುಕೊಂಡೆ.

ಭಾವ ಬಾಗಿಲಲ್ಲೇ ಕೇಳಿದರು, "ಫೋಟೋ ತೆಗುಕೆ ಕೋಡಿಯಿಂದ ಬಂದ್ಯಾ? ಅದ್ಕೂ ಕಾನ್ವೆಂಟಂಗೆ ಕಲ್ಸ್ತ್ರಾ?"

"ಕಲ್ಸ್ತ್ರ್ ಭಾವ. ಬೆಳ್ಕಿಗ್ ಬೆನ್ ಹಾಕಿ ಓದ್ರೆ ಸಿಸ್ಟರ್ ಕಿವಿ ಹಿಂಡ್ತಿದ್ರ್."

ಕಿಟಕಿಯ ಪಕ್ಕಕ್ಕೆ ಮೇಜು ಎಳೆದೆ. ಬಿಸಿಲು ನೇರ ಬೀಳದ, ಆದರೆ ಬೆಳಕು ಒಂದು ಬದಿಯಿಂದ ಸಮನಾಗಿ ಬರುವ ಜಾಗ. ಬಲ್ಬು ಆರಿಸಿದೆ, ಫ್ಲ್ಯಾಶ್ ಆರಿಸಿದೆ. ಫೋನಿನ ಕಣ್ಣನ್ನು ಸೆರಗಿನ ತುದಿಯಿಂದ ಒರೆಸಿದೆ. ಭಾವನ ಫೋನೂ ಅಲ್ಲೇ ಇತ್ತು, ಅದರ ಕಣ್ಣಿನ ಮೇಲೆ ಚಕ್ಕುಲಿಯ ಎಣ್ಣೆ ಹಾಗೇ ಇತ್ತು. ಪುಸ್ತಕದ ಬೆನ್ನಿನ ಹತ್ತಿರ ಉಬ್ಬಿದ ಹಾಳೆಯನ್ನು ಎರಡು ಸ್ಕೇಲಿನಿಂದ ಅಂಚಿನಲ್ಲಿ ಒತ್ತಿ ಮಟ್ಟ ಮಾಡಿದೆ. ಒಂದು ಫೋಟೋಕ್ಕೆ ಒಂದೇ ಪುಟ, ಚೌಕಟ್ಟಿನ ತುಂಬ. ಫೋನು ಹಾಳೆಗೆ ನೇರ ಮೇಲೆ, ಸಾಲುಗಳು ಅಡ್ಡಕ್ಕೆ ಸರಿಯಾಗಿ. ತೆಗೆದ ಪ್ರತಿಯೊಂದನ್ನೂ ಅಲ್ಲೇ ಹಿಗ್ಗಿಸಿ ನೋಡಿ, ಅಲುಗಿದ್ದನ್ನು ಮತ್ತೆ ತೆಗೆದೆ. ಮೈದುನನಿಗೆ ಡಾಕ್ಯುಮೆಂಟ್ ಮಾಡಿ ಕಳಿಸಿದೆ, ಕುಗ್ಗದ ಹಾಗೆ.

ಎಲ್ಲ ಸೇರಿ ಅರ್ಧ ಗಂಟೆಯಾಗಿರಬೇಕು. ಭಾವನ ಜ್ಞಾನಕ್ಕೆ ಆ ಅರ್ಧ ಗಂಟೆ ಪುರುಸೊತ್ತಿರಲಿಲ್ಲ.

ಅಲ್ಲೇ ಕೂತು ಟೈಪ್ ಮಾಡಿದೆ. ಭಾವನನ್ನು ಪುಸ್ತಕದ ಎದುರು ಕೂರಿಸಿ, ನಾನು ಟೈಪ್ ಮಾಡಿದ್ದನ್ನು ಒಂದೊಂದಾಗಿ ಓದಿದೆ. ಅವರು ಹೂಂ ಅನ್ನಬೇಕು. ನಾಲ್ಕನೆಯ ಸಾಲಿಗೇ ಅವರು ಹಾಳೆ ನೋಡದೆ ಹೂಂ ಅನ್ನುತ್ತಿದ್ದುದು ಗೊತ್ತಾಗಿ, ಬೇಕೆಂದೇ ಒಂದು ತಪ್ಪು ಅಂಕಿ ಓದಿದೆ.

"ಹೂಂ," ಎಂದರು ಭಾವ.

ಮತ್ತೆ ಮೊದಲಿನಿಂದ ಓದಿದೆ. ಆಮೇಲೆ ಅವರ ಬೆರಳು ಸಾಲಿನ ಮೇಲೇ ಇತ್ತು.

ಅತ್ತೆ ಕಲ್ಲಿನ ಹತ್ತಿರ ಇಬ್ಬರೂ ನಿಂತೆವು. ಉಪ್ಪುನೀರು ತಾಗಿ ಒಂದು ಅಂಕಿಯ ಪೆನ್ಸಿಲು ತಿಂದುಹೋಗಿತ್ತು. ಹಾಳೆಯನ್ನು ಕಿಟಕಿಗೆ ಓರೆಯಾಗಿ ಹಿಡಿದು ಗೀರಿನ ತಗ್ಗು ಹುಡುಕಿದೆ. ಮೂರೂ ಆಗಬಹುದು, ಎಂಟೂ ಆಗಬಹುದು.

"ಮೂರೇ. ಹಾಕ್ ಸುಮ್ನೆ," ಎಂದರು ಭಾವ.

"ಮೂರ್ ಅಂದ್ ನಿಮ್ಗ್ ಕಾಂತಾ?"

"ಕಾಂಬುದೆಂತದ್? ಎಂತಾರೂ ಒಂದ್ ಹಾಕ್ಕಲೆ?"

ನಾನು ಅಂಕಿಯ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕಿದೆ. ಭಾವನ ಮುಖ ಹುಳಿಯಾಯಿತು. ಗೊತ್ತಿಲ್ಲ ಎಂದು ಬರೆಯುವುದು ಅವರ ಮನೆಯಲ್ಲಿ ಆ ದಿನವೇ ಮೊದಲಿರಬೇಕು.

ಸಂಜೆ ಮೈದುನ ಹೊಸ ಪಟ್ಟಿಯಿಂದ ಅಳಿವೆ ಬಾಗಿಲನ್ನು ಒತ್ತಿ ನೋಡಿದ. ಅದು ಅಳಿವೆಯಲ್ಲೇ ಇತ್ತು. ಪ್ರಶ್ನೆ ಚಿಹ್ನೆ ಕಂಡು, "ಇದಕ್ಕೆಂತ ಮಾಡುದ್ ಅತ್ತ್ಗೆ?" ಎಂದ.

"ಎರಡೂ ಜಾಗಕ್ಕೆ ಗುರ್ತ್ ಹಾಕ್. ಎರಡನ್ನೂ ಬಿಟ್ಟ್ ದೂರ ಹೋಯ್ಕ್."

ಬೋಟು ಹೋಯಿತು, ನಾಲ್ಕು ದಿನಕ್ಕೆ ಬಂತು. ಬಂದರಿನ ದಕ್ಕೆಯಲ್ಲಿ ಇಳಿಸಿದ ಬಲೆಯನ್ನು ನಾನೇ ಹೋಗಿ ನೋಡಿದೆ, ಹೊಸ ನೂಲಿನ ಬಣ್ಣ ಇನ್ನೂ ಮಾಸಿರಲಿಲ್ಲ, ಎಲ್ಲೂ ಹರಿದಿರಲಿಲ್ಲ. ಮೈದುನ ಬಲೆ ಮೇಲೆತ್ತಿಕೊಂಡು ಮೂರಕ್ಕೂ ಎಂಟಕ್ಕೂ ಹೋಗಿ, ತಳದ ಆಳ ತೋರಿಸುವ ಯಂತ್ರದಲ್ಲಿ ನೋಡಿ ಬಂದಿದ್ದ. ಮೂರರಲ್ಲಿ ತಳ ಮಟ್ಟಸ. ಎಂಟರಲ್ಲಿ ಕಲ್ಲು ಗೋಡೆಯ ಹಾಗೆ ಎದ್ದಿದೆಯಂತೆ.

ನಾನು ಪ್ರಶ್ನೆ ಚಿಹ್ನೆ ತೆಗೆದು ಎಂಟು ಹಾಕಿದೆ. ಸುದ್ದಿ ತಿಳಿಸಲು ಭಾವನಿಗೆ ಫೋನು ಮಾಡಿದೆ.

"ನಾನ್ ಆವತ್ತೇ ಹೇಳಿದ್ನಲೆ," ಎಂದರು ಅವರು, "ಮೂರ್ ಇಲ್ದಿರೆ ಎಂಟ್ ಅಂದ್."