ಹಿಂಬದಿಯ ಮಡಿಕೆಯಲ್ಲಿ ಕ್ಲೆಮ್

ಥೆಲ್ಮಾ ಪಾಸ್ಕೋ ಟಾಸ್ಮೇನಿಯಾದ ಕಾಡುಗಳಲ್ಲಿ ನಲವತ್ತು ವರ್ಷ ಅಣಬೆ ಆರಿಸಿ, ಕೊನೆಗೆ ಅದರ ಬಗ್ಗೆಯೇ ಪುಸ್ತಕ ಬರೆದಳು. ರಕ್ಷಾಪುಟದ ಹಿಂಬದಿ ಮಡಿಕೆಗೆಂದು ತಂದ ತನ್ನ ಪರಿಚಯದಲ್ಲಿ ‘ಅಪ್ರತಿಮ ಅಣಬೆ ತಜ್ಞೆ’ ಎಂದು ಬರೆದುಕೊಂಡಿದ್ದಳು. ನಮ್ಮ ಪ್ರಕಾಶನದ ಸಂಪಾದಕಿ ಇಮೊಜೆನ್ ಅದನ್ನು ಹೊಡೆದುಹಾಕಿದಳು.

“ನಿಮ್ಮನ್ನ ನೀವೇ ಹೊಗಳ್ಕೊಂಡ್ರೆ ಯಾರು ನಂಬ್ತಾರೆ? ಮಾಡಿದ್ದನ್ನಷ್ಟೇ ಹೇಳಿ. ಮನೇಲಿ ಈ ಅಣಬೆ ಯಾರು ತಿಂತಾರೆ?”

“ನನ್ನ ಗಂಡ ಕ್ಲೆಮ್. ಮದುವೆ ಆದಾಗಿಂದ.”

“ಇನ್ನೂ ಬದುಕಿದಾರಲ್ಲ! ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಾ?”

ಇಮೊಜೆನ್ ಹೇಳಿದಂತೆ, ಪುಟವಿನ್ಯಾಸ ಮಾಡುವ ನಾನು ಮಡಿಕೆಯ ಸಾಲುಗಳನ್ನು ಜೋಡಿಸಿದೆ: ‘ಥೆಲ್ಮಾ ನಲವತ್ತು ವರ್ಷಗಳಿಂದ ಕಾಡಿನ ಅಣಬೆ ಆರಿಸಿ ಅಡುಗೆ ಮಾಡುತ್ತಿದ್ದಾರೆ. ಅದನ್ನು ಉಣ್ಣುವ ಗಂಡ ಕ್ಲೆಮ್ ಜೊತೆ ಹ್ಯೂನ್‌ವಿಲ್‌ನಲ್ಲಿ ವಾಸ.’

ಪುಸ್ತಕ ಅಚ್ಚಿಗೆ ಹೋಗುವ ಹಿಂದಿನ ದಿನ ಕ್ಲೆಮ್ ಸತ್ತ. ಥೆಲ್ಮಾ ಫೋನಿನಲ್ಲಿ ಬಿಕ್ಕುತ್ತಿದ್ದಳು.

“ಹಾರ್ಟ್ ಅಟ್ಯಾಕು ಅಂತ ಡಾಕ್ಟರೇ ಹೇಳಿದ್ರು. ಅವನ ಹೆಸರು ಹಾಗೇ ಇರ್ಲಿ, ಇಮೊಜೆನ್.”

ಇಮೊಜೆನ್ ಸಂತಾಪ ಹೇಳುತ್ತಲೇ ಪುಟದಲ್ಲಿದ್ದ ಕ್ಲೆಮ್ ಹೆಸರಿನ ಮೇಲೆ ಗೀಟೆಳೆದಳು.

“ಡಾಕ್ಟರ್ ಹೇಳಿದ್ದನ್ನೆಲ್ಲ ಮಡಿಕೇಲಿ ಹಾಕಕ್ಕಾಗಲ್ಲ, ಥೆಲ್ಮಾ. ನಿಮ್ಮನೇಲಿ ನಾಯಿ ಇದೆ ಅಲ್ವಾ? ಅದು ಅಣಬೆ ತಿನ್ನುತ್ತಾ?”